ಗ್ರಾಫ್ ನೇರವಾಗಿಯೇ ಬಂತು, ನೈಟ್ರೈಟ್ ಲೆಕ್ಕ ಮಾತ್ರ ಯಾಕೆ ತಪ್ಪಿತು?

ಪ್ರಶ್ನೆ: ಸರ್, ನಮ್ಮೂರಿನ ಮೀನಿನ ಹೊಂಡದ ನೀರಲ್ಲಿ ನೈಟ್ರೈಟ್ ಅಳೆದೆ. ಸ್ಟ್ಯಾಂಡರ್ಡ್ ಗ್ರಾಫ್ ಸ್ಕೇಲ್ ಇಟ್ಟು ಎಳೆದ ಹಾಗೆ ಬಂತು, R² 0.999. ನನ್ನ ಲೆಕ್ಕದಲ್ಲಿ ಲೀಟರಿಗೆ 70 ಮೈಕ್ರೋಗ್ರಾಂ ನೈಟ್ರೈಟ್ ಸಾರಜನಕ. ಅದೇ ದಿನ ಅದೇ ನೀರನ್ನು ಇನ್ನೊಂದು ಲ್ಯಾಬ್‌ನಲ್ಲಿ ಅಳೆದಾಗ 56 ಬಂತು. ಗ್ರಾಫ್ ಇಷ್ಟು ಚೆನ್ನಾಗಿದ್ದ ಮೇಲೆ ನನ್ನದೇ ಸರಿ ಅಲ್ವಾ?

ಉತ್ತರ: ಗ್ರಾಫ್ ಚೆನ್ನಾಗಿದೆ ಎಂದರೆ ನಿಮ್ಮ ಪಿಪೆಟ್ ಕೆಲಸ ಚೆನ್ನಾಗಿದೆ ಎಂದರ್ಥ. ಸ್ಟಾಕ್ ದ್ರಾವಣ ಸರಿ ಇದೆ ಎಂದು ಅದು ಹೇಳುವುದೇ ಇಲ್ಲ. ನಿಮ್ಮ ತೊಂದರೆ ಅಲ್ಲೇ ಇರಬೇಕು ಅಂತ ನನಗೆ ಮೊದಲೇ ಅನ್ನಿಸಿತು.

ಬಣ್ಣ ಬರುವುದು ಹೇಗೆ ಎಂದು ಒಮ್ಮೆ ನೋಡಿಬಿಡೋಣ. ಆಮ್ಲದಲ್ಲಿ ನೈಟ್ರೈಟ್ ಸಲ್ಫನಿಲಮೈಡ್ ಜೊತೆ ಸೇರಿ ಡೈಅಜೋ ಲವಣ ಆಗುತ್ತದೆ. ಆ ಲವಣ ಎನ್‌ಇಡಿ ಎಂಬ ಇನ್ನೊಂದು ರಾಸಾಯನಿಕದ ಅಣುವಿಗೆ ಅಂಟಿಕೊಂಡಾಗ ಕೆನ್ನೇರಳೆ ಬಣ್ಣ ಹುಟ್ಟುತ್ತದೆ. ಒಂದು ನೈಟ್ರೈಟ್‌ಗೆ ಒಂದು ಬಣ್ಣದ ಅಣು. ಈಗ ಸಲ್ಫನಿಲಮೈಡ್, ಎನ್‌ಇಡಿ ಎರಡನ್ನೂ ಫಾಸ್ಪಾರಿಕ್ ಆಮ್ಲದಲ್ಲಿ ಕರಗಿಸಿ ಒಂದೇ ಬಾಟಲಿಯಲ್ಲಿ ಇಟ್ಟುಕೊಳ್ಳುವುದು ರೂಢಿ. ಲೀಟರಿಗೆ 85% ಆಮ್ಲ 100 ಮಿಲಿ, ಸಲ್ಫನಿಲಮೈಡ್ 10 ಗ್ರಾಂ, ಎನ್‌ಇಡಿ 1 ಗ್ರಾಂ. 50 ಮಿಲಿ ನೀರಿಗೆ ಇದನ್ನು 2 ಮಿಲಿ ಹಾಕಿ, 10 ನಿಮಿಷ ಕಳೆದ ಮೇಲೆ, 2 ಗಂಟೆಯೊಳಗೆ, 543 ನ್ಯಾನೋಮೀಟರಿನಲ್ಲಿ ಓದಬೇಕು.

ಸ್ಟ್ಯಾಂಡರ್ಡ್ ಸಾಲನ್ನು ನೀವು ಹೀಗೆ ಕಟ್ಟಿದ್ದೀರಿ. 1.232 ಗ್ರಾಂ ಸೋಡಿಯಂ ನೈಟ್ರೈಟ್ ತೂಗಿ ಒಂದು ಲೀಟರ್ ಮಾಡಿದಿರಿ. ಅದು ಲೀಟರಿಗೆ 250 ಮಿಲಿಗ್ರಾಂ ಸಾರಜನಕದ ಸ್ಟಾಕ್. ಅದರಲ್ಲಿ 50 ಮಿಲಿ ತೆಗೆದು 250 ಮಿಲಿ ಮಾಡಿದಾಗ 50 ಮಿಲಿಗ್ರಾಂ ಆಯಿತು. ಅದರಲ್ಲಿ 10 ಮಿಲಿಯನ್ನು ಒಂದು ಲೀಟರಿಗೆ ಏರಿಸಿದಾಗ 0.5 ಮಿಲಿಗ್ರಾಂ. ಈ ಕೊನೆಯದರಿಂದ 2, 5, 10, 15 ಮಿಲಿ ತೆಗೆದು ತಲಾ 50 ಮಿಲಿ ಮಾಡಿದರೆ 20, 50, 100, 150 ಮೈಕ್ರೋಗ್ರಾಂ. ಜೊತೆಗೆ ಬರೀ ಡಿಸ್ಟಿಲ್ಡ್ ವಾಟರ್‌ನ ಬ್ಲಾಂಕ್. ಕ್ರಮದಲ್ಲಿ ಏನೂ ತಪ್ಪಿಲ್ಲ. ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ ಸುಮಾರು 180 ಮೈಕ್ರೋಗ್ರಾಂವರೆಗೂ ಗೆರೆ ನೇರ ಇರುತ್ತದೆ, ನೀವು ಅದರೊಳಗೇ ಇದ್ದೀರಿ.

ಆದರೆ ಗಮನಿಸಿ, ಬ್ಲಾಂಕ್ ಬಿಟ್ಟರೆ ಉಳಿದ ನಾಲ್ಕೂ ಫ್ಲಾಸ್ಕ್‌ಗಳಿಗೆ ತಾಯಿ ಒಂದೇ. ಆ ಸ್ಟಾಕ್‌ನಲ್ಲಿ ನೂರಕ್ಕೆ ಎಂಬತ್ತೇ ನೈಟ್ರೈಟ್ ಇದ್ದರೆ ಪ್ರತಿ ಫ್ಲಾಸ್ಕ್‌ನಲ್ಲೂ ಅದೇ ಎಂಬತ್ತು. ಎಲ್ಲ ಬಿಂದುಗಳೂ ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತವೆ. ಗೆರೆ ನೇರವಾಗಿಯೇ ಉಳಿಯುತ್ತದೆ, ಓರೆ ಮಾತ್ರ ಕಡಿಮೆಯಾಗುತ್ತದೆ. R² ನೋಡುವುದು ಬಿಂದುಗಳು ಗೆರೆಗೆ ಎಷ್ಟು ಹತ್ತಿರ ಇವೆ ಎನ್ನುವುದನ್ನು ಮಾತ್ರ. ಓರೆ ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ.

ನೀವು ಕಳಿಸಿದ ಓದುಗಳು ಇವು: ಬ್ಲಾಂಕ್ 0.004, ಆಮೇಲೆ 0.058, 0.140, 0.273, 0.409. ಓರೆ ಮೈಕ್ರೋಗ್ರಾಂಗೆ 0.0027. ಹೊಂಡದ ನೀರು 0.193. ಬ್ಲಾಂಕ್ ಕಳೆದರೆ 0.189, ಅದನ್ನು 0.0027ರಿಂದ ಭಾಗಿಸಿದರೆ 70. ಲೆಕ್ಕ ಸರಿ. ಆದರೆ ಈ ಬಣ್ಣ ತುಂಬಾ ಗಾಢವಾದದ್ದು. ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ 100 ಮೈಕ್ರೋಗ್ರಾಂ ಫ್ಲಾಸ್ಕ್ 0.34ರ ಆಸುಪಾಸು ಓದಬೇಕು. ನಿಮ್ಮದು 0.27. ಅದನ್ನು ಕಂಡಾಗಲೇ ಸಂಶಯ ಬಂತು.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಬೇಕಿತ್ತು. ಕೆಲವರು ಸಾರಜನಕವಾಗಿ ಬರೆಯುತ್ತಾರೆ, ಕೆಲವರು ಇಡೀ ನೈಟ್ರೈಟ್ ಆಗಿ. ಆ ಗೊಂದಲ ಇದ್ದಿದ್ದರೆ ಎರಡು ಉತ್ತರಗಳ ನಡುವೆ 3.28 ಪಟ್ಟು ವ್ಯತ್ಯಾಸ ಇರಬೇಕಿತ್ತು. ಇಲ್ಲಿರುವುದು 1.25 ಪಟ್ಟು. ಹಾಗಾಗಿ ಅದಲ್ಲ.

ಆಗ ಸೋಡಿಯಂ ನೈಟ್ರೈಟ್ ಬಾಟಲಿಯ ಫೋಟೋ ಕೇಳಿದೆ. ಉಪ್ಪು ಗಡ್ಡೆ ಕಟ್ಟಿತ್ತು, ಚಮಚದಲ್ಲಿ ಕುಟ್ಟಿ ತೆಗೆದ ಗುರುತು ಇತ್ತು. ಸೋಡಿಯಂ ನೈಟ್ರೈಟ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಧಾನಕ್ಕೆ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಈ ಬಣ್ಣ ಕೊಡುವುದಿಲ್ಲ. ತಕ್ಕಡಿಯಲ್ಲಿ ಮಾತ್ರ ನೀರಿಗೂ ನೈಟ್ರೇಟಿಗೂ ನೈಟ್ರೈಟಿಗೂ ತೂಕ ಒಂದೇ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯಿಂದ ನಾನೂ ಒಮ್ಮೆ ಇಡೀ ವಾರದ ಫಲಿತಾಂಶ ಕಳೆದುಕೊಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸುಮ್ನೆ ಊಹಿಸುವುದು ಬೇಡ, ಸ್ಟಾಕನ್ನು ಪರ್ಮಾಂಗನೇಟ್‌ನಿಂದ ಅಳೆಯಿರಿ ಎಂದೆ. ಫ್ಲಾಸ್ಕ್‌ಗೆ 50 ಮಿಲಿ 0.05 ನಾರ್ಮಲ್ ಪರ್ಮಾಂಗನೇಟ್, 5 ಮಿಲಿ ಗಾಢ ಸಲ್ಫ್ಯೂರಿಕ್ ಆಮ್ಲ ಮೊದಲು ಹೋಗಬೇಕು. ಆಮೇಲೆ 50 ಮಿಲಿ ಸ್ಟಾಕ್. ಪಿಪೆಟ್‌ನ ತುದಿ ದ್ರಾವಣದ ಒಳಗೆ ಚೆನ್ನಾಗಿ ಮುಳುಗಿರಬೇಕು. ಮೇಲಿನಿಂದ ಸುರಿದರೆ ಆಮ್ಲ ತಾಗಿದ ನೈಟ್ರೈಟ್ ಸ್ವಲ್ಪ ಅನಿಲವಾಗಿ ಹಾರಿಹೋಗುತ್ತದೆ, ಸರಿಯಾದ ಸ್ಟಾಕ್ ಕೂಡ ಕಡಿಮೆ ತೋರಿಸುತ್ತದೆ. 70ರಿಂದ 80 ಡಿಗ್ರಿಗೆ ಬಿಸಿ ಮಾಡಿ, ಉಳಿದ ನೇರಳೆ ಬಣ್ಣ ಹೋಗುವಷ್ಟು 0.05 ನಾರ್ಮಲ್ ಸೋಡಿಯಂ ಆಕ್ಸಲೇಟ್ ಹತ್ತತ್ತು ಮಿಲಿಯಂತೆ ಹಾಕಿ, ಜಾಸ್ತಿಯಾದ ಆಕ್ಸಲೇಟನ್ನು ಮತ್ತೆ ಪರ್ಮಾಂಗನೇಟ್‌ನಿಂದ ತಿಳಿ ಗುಲಾಬಿ ಬರುವವರೆಗೆ ಟೈಟ್ರೇಟ್ ಮಾಡಬೇಕು. ಹಾಕಿದ ಒಟ್ಟು ಪರ್ಮಾಂಗನೇಟ್‌ನಲ್ಲಿ ಆಕ್ಸಲೇಟಿನ ಪಾಲು ಕಳೆದರೆ ನೈಟ್ರೈಟ್ ತಿಂದದ್ದು ಸಿಗುತ್ತದೆ.

ಸರಿಯಾದ ಸ್ಟಾಕ್ ಆಗಿದ್ದರೆ 35.7 ಮಿಲಿ ತಿನ್ನಬೇಕಿತ್ತು. ನಿಮ್ಮದು ತಿಂದದ್ದು 28.6. ಅಂದರೆ ಸ್ಟಾಕ್ 250 ಅಲ್ಲ, 200. ನೀವು 100 ಎಂದು ಚೀಟಿ ಅಂಟಿಸಿದ ಫ್ಲಾಸ್ಕ್‌ನಲ್ಲಿ ಇದ್ದದ್ದು 80. ಹೊಂಡದ 70ನ್ನು 0.8ರಿಂದ ಗುಣಿಸಿ, 56 ಬರುತ್ತದೆ. ಕೆಲಸ ವ್ಯರ್ಥವಾಗಲಿಲ್ಲ, ಹಳೆಯ ಓದುಗಳನ್ನೇ ತಿದ್ದಿಕೊಂಡರೆ ಸಾಕು.

ಗ್ರಾಫ್ ಹೇಳದ ಇನ್ನೊಂದು ವಿಷಯ ನೀರಿನ ಕಡೆಯದು. ಸ್ಟ್ಯಾಂಡರ್ಡ್‌ಗಳು ಡಿಸ್ಟಿಲ್ಡ್ ವಾಟರ್‌ನಲ್ಲಿವೆ, ಹೊಂಡದ ನೀರು ಹಾಗಲ್ಲ. ಪಾಚಿಗೆ ಮೈಲುತುತ್ತ ಹಾಕಿದ್ದರೆ ಅದರ ತಾಮ್ರ ಡೈಅಜೋ ಲವಣವನ್ನು ಒಡೆಯುತ್ತದೆ, ಬಣ್ಣ ಕಡಿಮೆ ಬರುತ್ತದೆ. ಇದನ್ನು ಹಿಡಿಯಲು 25 ಮಿಲಿ ಹೊಂಡದ ನೀರಿಗೆ 0.5 ಮಿಲಿಗ್ರಾಂ ದ್ರಾವಣ 5 ಮಿಲಿ ಸೇರಿಸಿ 50 ಮಿಲಿ ಮಾಡಿ. ಹೊಸ ಸ್ಟಾಕ್‌ನಿಂದ ಮಾಡಿದ್ದಾದರೆ 28ಕ್ಕೆ 50 ಸೇರಿ 78 ಬರಬೇಕು. 65 ಬಂದರೆ ನೀರಿನಲ್ಲಿ ಏನೋ ಅಡ್ಡಿ ಇದೆ.

ಮುಂದೆ ಹೆಚ್ಚು ನೈಟ್ರೈಟ್ ಇರುವ ಹೊಂಡ ಸಿಕ್ಕಾಗಲೂ ಹುಷಾರು. 2 ಮಿಲಿ ಬಣ್ಣದ ದ್ರಾವಣದಲ್ಲಿ ಎನ್‌ಇಡಿ ಇರುವುದು 2 ಮಿಲಿಗ್ರಾಂ ಮಾತ್ರ. ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಸಾರಜನಕ ದಾಟಿದರೆ ಅಂಟಿಕೊಳ್ಳಲು ಎನ್‌ಇಡಿಯೇ ಉಳಿಯುವುದಿಲ್ಲ. ಬಣ್ಣ ಏರುವುದು ನಿಲ್ಲುತ್ತದೆ, ಕೆಲವೊಮ್ಮೆ ಕಂದು ಹಳದಿಗೆ ತಿರುಗುತ್ತದೆ. ಬಣ್ಣ ಬಂದ ಮೇಲೆ ನೀರು ಬೆರೆಸಿದರೆ ಪ್ರಯೋಜನ ಇಲ್ಲ. ಹೊಂಡದ ನೀರನ್ನೇ ಮೊದಲು ಹತ್ತು ಪಟ್ಟು ತೆಳು ಮಾಡಿ, ಆಮೇಲೆ ಬಣ್ಣದ ದ್ರಾವಣ ಹಾಕಿ.