ಆನೆಯ ಮಾತು ಅಲ್ಲಿ ಯಾಕೆ ಬಂತು?

ನಮ್ಮ ಮಂಡ್ಯದ ಕಡೆ ಬೀದಿಯಲ್ಲಿ ಯಾರಾದರೂ ಎದುರಾದರೆ ಮೊದಲು ಬರುವ ಮಾತು 'ಊಟ ಆಯ್ತಾ?'. ಕೇಳಿದವರಿಗೆ ನಿಮ್ಮ ಊಟದ ಲೆಕ್ಕ ಬೇಕಿರುವುದಿಲ್ಲ. 'ಹೂಂ, ಮುದ್ದೆ, ಸೊಪ್ಪಿನ ಸಾರು, ಕೊನೆಗೆ ಮಜ್ಜಿಗೆ' ಎಂದು ವಿವರ ಕೊಟ್ಟರೆ ಅವರೇ ಗಲಿಬಿಲಿಯಾಗುತ್ತಾರೆ. ಅದೇ ಮಾತನ್ನು ಶುಗರ್ ಟೆಸ್ಟಿಗೆ ರಕ್ತ ತೆಗೆಯುವವರು ಕೇಳಲಿ. ಆಗ ಊಟ ಆಗಿದೆಯಾ, ಎಷ್ಟು ಹೊತ್ತಾಯ್ತು ಎಂದು ಸರಿಯಾಗಿಯೇ ಹೇಳಬೇಕು. ಪದ ಎರಡೂ ಕಡೆ ಅವೇ. ಆದರೆ ಒಂದು ಕಡೆ ಅದು ನಮಸ್ಕಾರ, ಇನ್ನೊಂದು ಕಡೆ ತಪಾಸಣೆ.

ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಈ ಬಗ್ಗೆಯೇ ಒಂದು ಉಪನ್ಯಾಸ ಮಾಲೆ ಕೊಟ್ಟ. ಮಾತು ಏನು ಹೇಳುತ್ತದೆ ಎಂಬುದು ಬೇರೆ, ಹೇಳುತ್ತಾ ಏನು ಮಾಡುತ್ತದೆ ಎಂಬುದು ಬೇರೆ ಎಂದು ತೋರಿಸಿದ. ಬೀದಿಯಲ್ಲಿ ನಮಗೆಲ್ಲ ಸಲೀಸಾಗಿ ಗೊತ್ತಿರುವ ಈ ಭೇದ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಮರೆತುಹೋಗುತ್ತದೆ. ನನ್ನ ಅಣ್ಣನ ಮಗಳಿಗೆ ಆಗಿದ್ದು ಅದೇ.

ಅವಳು ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಕೋಚಿಂಗ್ ಮುಗಿಸಿ ಬರುತ್ತಾಳೆ. ಒಂದು ಪ್ಯಾರಾ ಕೊಟ್ಟು, ಅದರೊಳಗಿನ ಒಂದು ಸಾಲು ತೋರಿಸಿ, 'ಲೇಖಕರು ಈ ಸಾಲನ್ನು ಯಾಕೆ ಸೇರಿಸಿದ್ದಾರೆ?' ಎಂದು ಕೇಳುವ ಪ್ರಶ್ನೆಗಳು ಮಾತ್ರ ಅವಳಿಗೆ ಕೈಕೊಡುತ್ತಿದ್ದವು. 'ಚಿಕ್ಕಪ್ಪ, ನಾನು ಟಿಕ್ ಹಾಕಿದ್ದು ಪ್ಯಾರಾದಲ್ಲೇ ಇದೆ ಅಲ್ವಾ, ಅದು ಹೆಂಗೆ ತಪ್ಪಾಗುತ್ತೆ?' ಎಂಬುದು ಅವಳ ತಕರಾರು. ಕೋಚಿಂಗಿನಲ್ಲಿ ಅವಳಿಗೆ ಹೇಳಿಕೊಟ್ಟಿದ್ದು ಒಂದೇ ಉಪಾಯ: ಆ ಸಾಲಿನ ಮುಖ್ಯ ಪದ ಯಾವ ಆಯ್ಕೆಯಲ್ಲಿದೆ ನೋಡಿ. ಈ ಪ್ರಶ್ನೆಗಳ ಮಟ್ಟಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಪ್ರಶ್ನೆ ಬರೆಯುವವರಿಗೂ ಈ ಉಪಾಯ ಗೊತ್ತು. ಮುಖ್ಯ ಪದಗಳನ್ನು ಅವರು ಬೇಕಂತಲೇ ತಪ್ಪು ಆಯ್ಕೆಗೆ ಹಾಕಿರುತ್ತಾರೆ.

ಅವಳಿಗಾಗಿ ನಾನೇ ಒಂದು ಪ್ಯಾರಾ ಬರೆದೆ, ನಮ್ಮೂರಿನ ಬೆಲ್ಲದ ಮೇಲೆ.

'ತಿಳಿ ಬಣ್ಣದ ಬೆಲ್ಲವೇ ಶುದ್ಧ ಎಂದು ಕೊಳ್ಳುವವರು ನಂಬುತ್ತಾರೆ. ಈ ನಂಬಿಕೆ ಪೂರ್ತಿ ಸುಳ್ಳೇನೂ ಅಲ್ಲ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮೇಲೆ ಬರುವ ಕೊಳೆಯನ್ನು ಚೆನ್ನಾಗಿ ತೆಗೆದರೆ ಬೆಲ್ಲ ತಿಳಿಯಾಗುವುದು ನಿಜ. ಆದರೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದರೂ ಬಣ್ಣ ತಿಳಿಯಾಗುತ್ತದೆ. ಕಬ್ಬಿನ ತಳಿ, ಬೆಳೆದ ಮಣ್ಣು ಬೇರೆಯಾದರೂ ಬಣ್ಣ ಬದಲಾಗುತ್ತದೆ. ಹಾಗಾಗಿ ಬರೀ ಬಣ್ಣ ನೋಡಿ ಬೆಲ್ಲ ಶುದ್ಧವೋ ಅಲ್ಲವೋ ಹೇಳಲಾಗದು.'

ಪ್ರಶ್ನೆ: ಎರಡನೇ ಸಾಲು ಯಾಕಿದೆ? ನಾಲ್ಕು ಆಯ್ಕೆ ಕೊಟ್ಟೆ. ಅ) ಬೆಲ್ಲ ಮಾಡುವಾಗ ಕೊಳೆ ತೆಗೆಯುವ ಬಗೆಯನ್ನು ವಿವರಿಸಲು. ಆ) ತಿಳಿ ಬೆಲ್ಲವೇ ಶುದ್ಧ ಎಂಬ ನಂಬಿಕೆಯನ್ನು ಸಮರ್ಥಿಸಲು. ಇ) ಬಣ್ಣದಿಂದ ಶುದ್ಧತೆ ತಿಳಿಯಲಾಗದು ಎಂದು ತೋರಿಸಲು. ಈ) ಮುಂದೆ ತಾನು ಪ್ರಶ್ನಿಸಲಿರುವ ನಂಬಿಕೆಯಲ್ಲೂ ಸ್ವಲ್ಪ ಹುರುಳಿದೆ ಎಂದು ಒಪ್ಪಿಕೊಳ್ಳಲು.

ಅವಳು 'ಅ' ಎಂದಳು. ಕೊಪ್ಪರಿಗೆಯ ಕೊಳೆ ಆ ಸಾಲಿನಲ್ಲೇ ಇದೆಯಲ್ಲ! ಆದರೆ ಅದು ಸಾಲು *ಏನು ಹೇಳುತ್ತದೆ* ಎಂಬುದಕ್ಕೆ ಉತ್ತರ. ಒಗ್ಗರಣೆಗೆ ಸಾಸಿವೆ ಯಾಕೆ ಹಾಕಿದೆ ಎಂದು ಕೇಳಿದರೆ 'ಸಾಸಿವೆ ಕಪ್ಪಗೆ ದುಂಡಗೆ ಇರುತ್ತದೆ' ಎಂದ ಹಾಗೆ. 'ಇ' ಇನ್ನೂ ಮೋಸದ್ದು. ಅದು ಇಡೀ ಪ್ಯಾರಾದ ಕೆಲಸ, ಈ ಒಂದು ಸಾಲಿನದ್ದಲ್ಲ. ಎತ್ತು ಗಾಡಿ ಎಳೆಯುತ್ತದೆ, ಕೀಲು ಚಕ್ರ ಕಳಚದಂತೆ ಹಿಡಿಯುತ್ತದೆ. ಕೀಲಿನ ಕೆಲಸ ಏನು ಎಂದು ಕೇಳಿದಾಗ 'ಸಂತೆಗೆ ಹೋಗುವುದು' ಎಂದರೆ ಆಯಿತೇ? ಇಲ್ಲಿ ಎರಡನೇ ಸಾಲು ಪ್ಯಾರಾ ಹೋಗುವ ದಿಕ್ಕಿಗೆ ಎದುರಾಗಿಯೇ ನಿಂತಿದೆ.

ಆ ಎದುರು ದಿಕ್ಕನ್ನು ಗಮನಿಸಿದವರು ಬೀಳುವುದು 'ಆ' ಎಂಬ ಗುಂಡಿಗೆ. ಸಾಲು ನಂಬಿಕೆಯ ಪರವಾಗಿದೆ, ಅಂದಮೇಲೆ ಲೇಖಕ ಅದನ್ನು ಸಮರ್ಥಿಸುತ್ತಿದ್ದಾನೆ ಎಂದು ತಿಳಿಯುತ್ತಾರೆ. ಮೂರನೇ ಸಾಲಿನ 'ಆದರೆ' ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಕನ್ನಡದಲ್ಲಿ 'ಏನೋ ನಿಜ', 'ಇರಬಹುದು', 'ಸುಳ್ಳೇನೂ ಅಲ್ಲ' ಎಂದು ಯಾರಾದರೂ ಶುರು ಮಾಡಿದರೆ ಹಿಂದೆಯೇ ಒಂದು 'ಆದರೆ' ಕಾದಿರುತ್ತದೆ. ಹೆಣ್ಣು ನೋಡಲು ಬಂದವರು 'ಹುಡುಗಿ ಬಹಳ ಚೆನ್ನಾಗಿದ್ದಾಳೆ, ನಿಜ' ಎಂದರೆ ಮನೆಯವರಿಗೆ ಎದೆ ಧಸಕ್ ಎನ್ನುವುದು ಸುಮ್ನೆ ಅಲ್ಲ! ಒಪ್ಪಿಗೆಯಂತೆ ಕಾಣುವ ಆ ಮಾತು ಬರಲಿರುವ ನಿರಾಕರಣೆಗೆ ಹಾಸಿದ ಚಾಪೆ. ಹಾಗಾಗಿ ಸರಿ ಉತ್ತರ 'ಈ'.

ಇಂಥ ಸಾಲಿನ ಕೆಲಸ ಹಿಡಿಯಲು ಎಲ್ಲರೂ ಹೇಳುವ ಪರೀಕ್ಷೆ ಒಂದಿದೆ: ಸಾಲನ್ನು ತೆಗೆದುಹಾಕಿ, ಏನು ಕುಸಿಯುತ್ತದೆ ನೋಡಿ. ಕಾರಣ ಕೊಡುವ ಸಾಲಿಗೆ ಇದು ಚೆನ್ನಾಗಿ ನಡೆಯುತ್ತದೆ. ಹೈಡ್ರೋಸ್ ಸಾಲು ಮತ್ತು ತಳಿ-ಮಣ್ಣಿನ ಸಾಲು ಎರಡನ್ನೂ ತೆಗೆದರೆ ಕೊನೆಯ 'ಹಾಗಾಗಿ' ಗಾಳಿಯಲ್ಲಿ ತೂಗಾಡುತ್ತದೆ. ಆದರೆ ಒಪ್ಪಿಕೊಳ್ಳುವ ಸಾಲಿಗೆ ಈ ಪರೀಕ್ಷೆ ಅಷ್ಟಾಗಿ ಒಗ್ಗುವುದಿಲ್ಲ. ಎರಡನೇ ಸಾಲು ತೆಗೆದರೂ ವಾದ ನಿಂತೇ ಇರುತ್ತದೆ. ಹೋಗುವುದು ಇಷ್ಟೇ: ಆಲೆಮನೆ ಕಂಡವರೊಬ್ಬರು 'ಕೊಳೆ ತೆಗೆದರೂ ತಿಳಿಯಾಗುತ್ತಲ್ಲ ಸ್ವಾಮಿ?' ಎಂದು ಅಡ್ಡ ಹಾಕಿದರೆ ಲೇಖಕನ ಬಳಿ ಮೊದಲೇ ಸಿದ್ಧವಾಗಿದ್ದ ಜವಾಬು.

ಹಾಗಾಗಿ ನನಗೆ ಇಷ್ಟ ಇನ್ನೊಂದು ಪರೀಕ್ಷೆ. ಸಾಲನ್ನು ಅಳಿಸಬೇಡಿ, ಜಾಗ ಬದಲಿಸಿ. ಅದೇ ಎರಡನೇ ಸಾಲನ್ನು ಎತ್ತಿ ಪ್ಯಾರಾದ ಕೊನೆಗೆ ಇಟ್ಟು ಓದಿ: '...ಬರೀ ಬಣ್ಣ ನೋಡಿ ಹೇಳಲಾಗದು. ಈ ನಂಬಿಕೆ ಪೂರ್ತಿ ಸುಳ್ಳೇನೂ ಅಲ್ಲ, ಕೊಳೆಯನ್ನು ಚೆನ್ನಾಗಿ ತೆಗೆದರೆ ಬೆಲ್ಲ ತಿಳಿಯಾಗುವುದು ನಿಜ.' ಈಗ ಲೇಖಕ ತನ್ನ ತೀರ್ಮಾನದಿಂದಲೇ ಒಂದು ಹೆಜ್ಜೆ ಹಿಂದೆ ಸರಿದಂತಾಯಿತು. ಸಾಲಿನ ತಿರುಳು ಬದಲಾಗಿಲ್ಲ, ಕೆಲಸ ಪೂರ್ತಿ ಬದಲಾಗಿದೆ. ಅಂದರೆ ಆ ಕೆಲಸ ಸಾಲಿನ ಒಳಗೆ ಇರಲೇ ಇಲ್ಲ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಅದು ಹಾಕಿಕೊಂಡ ಗಂಟಿನಲ್ಲಿತ್ತು. ಅಣ್ಣನ ಮಗಳು ತೋರಿಸಿದ ಸಾಲನ್ನೇ ಐದು ಸಲ ಓದುತ್ತಿದ್ದಳು. ಅದನ್ನು ಒಂದು ಸಲ ಓದಿ, ಆಚೀಚೆಯ ಸಾಲುಗಳನ್ನು ಎರಡೆರಡು ಸಲ ಓದಬೇಕಿತ್ತು.

ಇದು ಇಂಗ್ಲಿಷ್ ಪರೀಕ್ಷೆಗಳಿಂದ ಬಂದ ಕಸರತ್ತು ಎಂದು ಯಾರಾದರೂ ಅಂದರೆ ನನಗೆ ರೇಗುತ್ತದೆ. ವೇದವಾಕ್ಯಗಳನ್ನು ಹಿಡಿದು ಕೂತ ಮೀಮಾಂಸಕರಿಗೆ ಇದೇ ದೊಡ್ಡ ಪ್ರಶ್ನೆಯಾಗಿತ್ತು. 'ವಾಯು ಅತ್ಯಂತ ವೇಗದ ದೇವತೆ' ಎಂಬ ಒಂದು ವಾಕ್ಯವಿದೆ. ಅದು ಏನನ್ನೂ ಮಾಡು ಎನ್ನುವುದಿಲ್ಲ, ಹಾಗಾದರೆ ಅದು ಯಾಕಿದೆ? ಅವರ ಉತ್ತರ: ಏಳಿಗೆ ಬಯಸುವವನು ವಾಯುವಿಗೆ ಯಾಗ ಮಾಡಬೇಕು ಎಂಬ ವಿಧಿ ಪಕ್ಕದಲ್ಲೇ ಇದೆ. ಅದನ್ನು ಹೊಗಳಿ ಮನಸ್ಸು ಬರುವಂತೆ ಮಾಡುವುದೇ ಈ ವಾಕ್ಯದ ಕೆಲಸ. ಇಂಥದ್ದಕ್ಕೆ ಅವರು ಅರ್ಥವಾದ ಎಂದು ಹೆಸರಿಟ್ಟರು. ಈಗ ನೋಡಿ, ಸ್ತೋತ್ರದ ಕೊನೆಗೆ 'ಇದನ್ನು ಓದಿದವರ ರೋಗ ಹೋಗುತ್ತದೆ' ಎಂದಿದ್ದರೆ ಅದನ್ನು ಔಷಧಿ ಚೀಟಿಯಂತೆ ವಾಟ್ಸಾಪಿನಲ್ಲಿ ಹಂಚುತ್ತಾರೆ. ಹೊಗಳುವ ಸಾಲನ್ನು ಮಾಹಿತಿ ಕೊಡುವ ಸಾಲು ಎಂದು ಓದಿದ್ದರ ಫಲ ಇದು. ಮೂಢನಂಬಿಕೆಗಳಲ್ಲಿ ಒಂದಷ್ಟು ಪಾಲು ಇಂಥ ಓದಿನ ತಪ್ಪು ಎಂದು ನನಗೆ ಬಲವಾದ ಗುಮಾನಿ.

ಈ ಕಸರತ್ತು ನಮ್ಮಲ್ಲೂ ಹಳೆಯದು ಎಂಬುದಕ್ಕೆ ಇದಕ್ಕಿಂತ ಸೊಗಸಾದ ಪುರಾವೆ ಮೈಸೂರಿನಲ್ಲೇ ಸಿಕ್ಕಿದೆ. ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯ ಎನ್ನುವ ಸಂಸ್ಥೆ ಶುರುವಾಗಿದ್ದು 1891ರಲ್ಲಿ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಕಾಣಿಸಿತು. 1909ರಲ್ಲಿ ಅಚ್ಚಾಯಿತು. ರಾಜನೀತಿ, ಗೂಢಚಾರರು, ತೆರಿಗೆ ಎಂದು ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ಕೊನೆಯ, ಹದಿನೈದನೇ ಅಧಿಕರಣದ ಸುದ್ದಿ ಎತ್ತುವವರು ಕಡಿಮೆ. ಅದರ ಹೆಸರು ತಂತ್ರಯುಕ್ತಿ. ಅಲ್ಲಿ ಗ್ರಂಥ ಕಟ್ಟುವ 32 ಯುಕ್ತಿಗಳ ಪಟ್ಟಿ ಇದೆ. ಪ್ರತಿಯೊಂದನ್ನೂ ತೋರಿಸಲು ತನ್ನದೇ ಗ್ರಂಥದ ಮಾತು ಎತ್ತಿಕೊಂಡು, ಇದು ಮುಂದೆ ತಳ್ಳಿಹಾಕಲಿರುವ ಪೂರ್ವಪಕ್ಷ, ಇದು ಅದಕ್ಕೆ ತೀರ್ಮಾನ ಹೇಳುವ ಉತ್ತರಪಕ್ಷ ಎಂದು ಹೇಳುತ್ತಾ ಹೋಗುತ್ತದೆ. ತಾನೇ ಬರೆದು, ತಾನೇ ಪ್ರಶ್ನೆ ಹಾಕಿ, ತಾನೇ ಉತ್ತರ ಕೊಟ್ಟಂತೆ!

ಒಂದು ಉದಾಹರಣೆ. ಮಂತ್ರಿಪರಿಷತ್ತಿನಲ್ಲಿ 12 ಜನ ಇರಲಿ ಎನ್ನುತ್ತಾರೆ ಮಾನವರು, ಅಂದರೆ ಮನುವಿನ ಪಂಥದವರು. 16 ಎನ್ನುತ್ತಾರೆ ಬಾರ್ಹಸ್ಪತ್ಯರು. 20 ಎನ್ನುತ್ತಾರೆ ಔಶನಸರು. ಸಾಮರ್ಥ್ಯಕ್ಕೆ ತಕ್ಕಷ್ಟು ಎನ್ನುತ್ತಾನೆ ಕೌಟಿಲ್ಯ. ಇಲ್ಲಿ '16' ಯಾಕೆ ಬಂತು? ಪರಿಷತ್ತಿನ ಗಾತ್ರ ತಿಳಿಸಲು ಎಂದರೆ ತಪ್ಪು. ಕೌಟಿಲ್ಯನ ದೃಷ್ಟಿಯಲ್ಲಿ ಆ ಸಂಖ್ಯೆಗೆ ಬೆಲೆಯೇ ಇಲ್ಲ. ಮೂವರು ಮೂರು ಸಂಖ್ಯೆ ಹೇಳಿದರು ಎಂದು ತೋರಿಸಿದ ಮೇಲೆ, ಒಂದೇ ಸಂಖ್ಯೆ ಕಟ್ಟಿಟ್ಟುಕೊಳ್ಳುವುದು ಬೇಡ ಎಂಬ ಅವನ ಮಾತಿಗೆ ತೂಕ ಬರುತ್ತದೆ. ಹೀಗೆ 'ಇಂಥವರು ಹೀಗೆನ್ನುತ್ತಾರೆ' ಎಂದು ಹೇಳುವ ಯುಕ್ತಿಗೆ ಪಟ್ಟಿಯಲ್ಲಿ ಅಪದೇಶ ಎಂದು ಹೆಸರು, ಉದಾಹರಣೆಯೂ ಇದೇ. ಸಾಲು ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಅದು ಗ್ರಂಥಕಾರನ ಅಭಿಪ್ರಾಯ ಅಲ್ಲ. 'ಕೌಟಿಲ್ಯ 16 ಮಂತ್ರಿಗಳು ಬೇಕು ಎಂದಿದ್ದಾನೆ' ಎಂದು ಯಾರಾದರೂ ಭಾಷಣ ಬಿಗಿದರೆ ಅವರು ಇದೇ ಪರೀಕ್ಷೆಯಲ್ಲಿ ಫೇಲು.

ಕಳೆದ ಭಾನುವಾರ ಅವಳಿಗೆ ಇನ್ನೊಂದು ಸಾಲು ಕೊಟ್ಟೆ. ತನಗಿಂತ ಬಲಶಾಲಿಯ ಜೊತೆ ಜಗಳಕ್ಕಿಳಿಯುವವನು ಆನೆಯ ಎದುರು ಕಾಲಾಳಾಗಿ ಯುದ್ಧಕ್ಕೆ ನಿಂತಂತೆ ಎನ್ನುತ್ತಾನೆ ಕೌಟಿಲ್ಯ. ಆನೆ ಯಾಕೆ ಬಂತು? ಈ ಸಲ ಅವಳು ಆನೆಪಡೆಯ ಮಾಹಿತಿ ಕೊಡಲು ಎಂಬ ಆಯ್ಕೆಗೆ ಬೀಳಲಿಲ್ಲ. ಎರಡು ಉಳಿದವು. ಬಲಶಾಲಿಯೊಡನೆ ಹೋರಾಡಿದರೆ ಸೋಲು ಖಚಿತ ಎಂದು ಸಾಬೀತು ಮಾಡಲು, ಅಥವಾ ಆ ಸೋಲನ್ನು ಕಣ್ಣಿಗೆ ಕಟ್ಟುವಂತೆ ಮಾಡಲು. ಅವಳು ಮೊದಲನೆಯದಕ್ಕೆ ಟಿಕ್ ಹಾಕಿದಳು.

'ಎರಡೂ ಒಂದೇ ಅಲ್ವಾ ಚಿಕ್ಕಪ್ಪ?'

ಅಲ್ಲ. ಹೋಲಿಕೆ ಏನನ್ನೂ ಸಾಬೀತು ಮಾಡುವುದಿಲ್ಲ. ರಾಜ ಆನೆಯಲ್ಲ, ಆನೆಯ ಕಾಲಿಗೆ ಸಿಕ್ಕವನ ಗತಿಯಿಂದ ರಾಜ್ಯದ ಗತಿ ತರ್ಕವಾಗಿ ಹೊರಡುವುದೂ ಇಲ್ಲ. ಆಯ್ಕೆಯಲ್ಲಿ ಉಳಿದದ್ದೆಲ್ಲ ಸರಿಯಿದ್ದು ಕ್ರಿಯಾಪದ ಒಂದೇ ತಪ್ಪಿದ್ದರೂ ಆ ಆಯ್ಕೆ ತಪ್ಪೇ. ಅದಕ್ಕೇ ನಾಲ್ಕೂ ಆಯ್ಕೆಗಳ ಕ್ರಿಯಾಪದವನ್ನು ಮೊದಲು ಓದು ಎನ್ನುತ್ತೇನೆ: ವಿವರಿಸಲು, ಅಲ್ಲಗಳೆಯಲು, ಒಪ್ಪಿಕೊಳ್ಳಲು, ಸಾಬೀತು ಮಾಡಲು. ಅವಳು ನನ್ನ ಮಾತಿಗೆ ಜಗ್ಗದೆ, ಕೌಟಿಲ್ಯ ಏನಂದಿದ್ದಾನೆ ತೋರಿಸಿ ಅಂದಳು. ಪಟ್ಟಿ ತೆಗೆದೆವು. ಆನೆಯ ಸಾಲು ನಿದರ್ಶನ ಎಂಬ ಹೆಸರಿನ ಕೆಳಗಿತ್ತು. ಮಾತನ್ನು ಸಾಧಿಸಿ ತೋರಿಸುವ ಕಾರಣಕ್ಕೆ ಹೇತ್ವರ್ಥ ಎಂಬ ಬೇರೆಯೇ ಹೆಸರು, ಬೇರೆಯೇ ಜಾಗ. ಅವಳು ಪೆನ್ನು ತೆಗೆದುಕೊಂಡು ತನ್ನ ಟಿಕ್ ಹೊಡೆದುಹಾಕಿದಳು.