ಲೆಕ್ಕದಲ್ಲಿ 177, ಸ್ಕೋಪ್‌ನಲ್ಲಿ 88: ಸಿಇ ಆಂಪ್ಲಿಫೈಯರ್ ರಿಪೋರ್ಟ್‌ನ ಡಿಸ್ಕಷನ್ ಬರೆಯೋದು ಹೇಗೆ

ಕಾಮನ್ ಎಮಿಟರ್ ಆಂಪ್ಲಿಫೈಯರ್ ಎಕ್ಸ್‌ಪೆರಿಮೆಂಟ್ ಮಾಡಿದವರಿಗೆಲ್ಲ ಇದು ಆಗಿರುತ್ತೆ, ಲೆಕ್ಕದಲ್ಲಿ ಒಂದು ಗೇನ್ ಬರುತ್ತೆ, ಸ್ಕೋಪ್‌ನಲ್ಲಿ ಅದರ ಅರ್ಧಾನೂ ಬರಲ್ಲ. ಆಮೇಲೆ ಡಿಸ್ಕಷನ್‌ನಲ್ಲಿ ಎಲ್ಲರೂ ಬರೆಯೋದು ಒಂದೇ ಸಾಲು: "ಕಾಂಪೊನೆಂಟ್ ಟಾಲರೆನ್ಸ್, ಬ್ರೆಡ್‌ಬೋರ್ಡ್ ಕೆಪಾಸಿಟೆನ್ಸ್ ಮತ್ತು ಮಾನವ ದೋಷದಿಂದ ವ್ಯತ್ಯಾಸ ಬಂದಿದೆ." ನಾನೂ ಮೊದಲು ಅದನ್ನೇ ಬರೆದಿದ್ದೆ, ರಿಪೋರ್ಟ್ ವಾಪಸ್ ಬಂತು, ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಒಂದೇ ಪದ, "ಎಷ್ಟು?" ಅಂತ. ಈ ನೋಟ್ಸ್ ಆ ಪ್ರಶ್ನೆಗೆ ಉತ್ತರ.

ಸರ್ಕ್ಯೂಟ್ ಮಾಮೂಲಿ ವೋಲ್ಟೇಜ್ ಡಿವೈಡರ್ ಬಯಾಸ್‌ದು. ಸಪ್ಲೈ 12 ವೋಲ್ಟ್, ಬೇಸ್‌ಗೆ ಮೇಲಿಂದ 47 ಕಿಲೋಓಮ್, ಕೆಳಗೆ 10 ಕಿಲೋಓಮ್, ಕಲೆಕ್ಟರ್‌ಗೆ 3.3 ಕಿಲೋಓಮ್, ಎಮಿಟರ್‌ಗೆ 1 ಕಿಲೋಓಮ್, ಅದಕ್ಕೆ ಪ್ಯಾರಲಲ್ ಆಗಿ 10 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್, ಔಟ್‌ಪುಟ್‌ನಲ್ಲಿ 10 ಕಿಲೋಓಮ್ ಲೋಡ್. ಟ್ರಾನ್ಸಿಸ್ಟರ್ ಬಿಸಿ 547, ಇನ್‌ಪುಟ್ 1 ಕಿಲೋಹರ್ಟ್ಸ್ ಸೈನ್ ವೇವ್. ಬೇಸ್‌ನಲ್ಲಿ ಅಳೆದಾಗ 20 ಮಿಲಿವೋಲ್ಟ್ ಪೀಕ್ ಟು ಪೀಕ್, ಔಟ್‌ಪುಟ್‌ನಲ್ಲಿ 1.76 ವೋಲ್ಟ್, ಅಂದ್ರೆ ಗೇನ್ 88. ಲೆಕ್ಕದಲ್ಲಿ ಎಮಿಟರ್ ಕರೆಂಟ್ 1.4 ಮಿಲಿಆಂಪ್ ಬಂದಿತ್ತು, ಅದರಿಂದ ಎಮಿಟರ್‌ನ ಒಳ ರೆಸಿಸ್ಟೆನ್ಸ್ re ಮತ್ತು ಗೇನ್ Av ಹೀಗೆ:

```
re = 26 mV / 1.4 mA = 18.6 ohm
Av = RC / re = 3300 / 18.6 = 177
```

ಮೈನಸ್ ಸೈನ್ ಬಿಟ್ಟಿದ್ದೀನಿ, ಇಲ್ಲಿ ಎಷ್ಟು ಅನ್ನೋದಷ್ಟೇ ಬೇಕು.

ಕಾರಣ ಹುಡುಕೋಕೆ ಮುಂಚೆ ಒಂದು ಮಾತು. ನೀವು ಹೇಳೋ ಕಾರಣ ಗೇನ್‌ನ ಕೆಳಗೇ ಎಳೀಬೇಕು, ಅದೂ ಇಷ್ಟು ದೊಡ್ಡದಾಗಿ ಎಳೀಬೇಕು. ಟಾಲರೆನ್ಸ್ ಎರಡೂ ಕಡೆ ಹೋಗುತ್ತೆ, 5 ಪರ್ಸೆಂಟ್ ರೆಸಿಸ್ಟರ್‌ಗಳು ಅರ್ಧಕ್ಕರ್ಧ ಗೇನ್ ತಿನ್ನೋಕೆ ಸಾಧ್ಯಾನೇ ಇಲ್ಲ. ಬ್ರೆಡ್‌ಬೋರ್ಡ್ ಕೆಪಾಸಿಟೆನ್ಸ್ ಅಂತೀರಾ, ಅದು ಕೆಲವೇ ಪಿಕೋಫ್ಯಾರಡ್, 10 ಅಂತಾನೇ ಇಟ್ಕೊಳ್ಳಿ, 1 ಕಿಲೋಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ ಸುಮಾರು 16 ಮೆಗಾಓಮ್, 3 ಕಿಲೋಓಮ್ ಪಕ್ಕದಲ್ಲಿ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಇನ್ನು ಎಲ್ಲರಿಗೂ ಪ್ರಿಯವಾದ ಬೀಟಾ. ಈ ಡಿವೈಡರ್ ಬಯಾಸ್ ಇರೋದೇ ಬೀಟಾ ಬದಲಾದ್ರೂ ಕರೆಂಟ್ ಅಲ್ಲಾಡದೇ ಇರಲಿ ಅಂತ, ಬೀಟಾ 100 ಹಾಕಿ ನೋಡಿ 300 ಹಾಕಿ ನೋಡಿ, ಎಮಿಟರ್ ಕರೆಂಟ್ ಬದಲಾಗೋದು ಸುಮಾರು 5 ಪರ್ಸೆಂಟ್ ಅಷ್ಟೇ. ಗೇನ್ ಫಾರ್ಮುಲಾದಲ್ಲಿ ಬೀಟಾ ನೇರವಾಗಿ ಇಲ್ವೇ ಇಲ್ಲ. ಹಾಗಾಗಿ ಈ ಮೂರನ್ನೂ ಬದಿಗಿಡಿ.

ಮೊದಲು ಸುಲಭದ್ದು. 177 ಅನ್ನೋದೇ ತಪ್ಪು ಪ್ರಿಡಿಕ್ಷನ್, ಯಾಕಂದ್ರೆ ಲೋಡ್ ಹಾಕಿದೀವಿ, ಫಾರ್ಮುಲಾದಲ್ಲಿ ಲೋಡ್ ಇಲ್ಲ. ಎಸಿಗೆ ಕಲೆಕ್ಟರ್ ರೆಸಿಸ್ಟರ್ ಮತ್ತು ಲೋಡ್ ಎರಡೂ ಪ್ಯಾರಲಲ್, 3.3ಕ್ಕೆ 10 ಸೇರಿದ್ರೆ 2.48 ಕಿಲೋಓಮ್, ಗೇನ್ 133ಕ್ಕೆ ಇಳೀತು. ಇದು ಸರ್ಕ್ಯೂಟ್‌ನ ತಪ್ಪಲ್ಲ, ನಮ್ಮ ಲೆಕ್ಕದ ತಪ್ಪು, ಡಿಸ್ಕಷನ್‌ನಲ್ಲಿ ಹಾಗೇ ಒಪ್ಕೊಂಡು ಬರೀಬೇಕು, "ನಷ್ಟ" ಅಂತ ಬರೆದ್ರೆ ಓದೋರಿಗೆ ಬೇರೆ ಅರ್ಥ ಬರುತ್ತೆ.

ಆಮೇಲೆ ಡಿಸಿ ರೀಡಿಂಗ್. ಎಮಿಟರ್ ವೋಲ್ಟೇಜ್ ಮೀಟರ್‌ನಲ್ಲಿ 1.34 ವೋಲ್ಟ್ ಬಂತು, ರೆಸಿಸ್ಟರ್ ತೆಗೆದು ಅಳೆದ್ರೆ 0.99 ಕಿಲೋಓಮ್, ಹಾಗಾಗಿ ನಿಜವಾದ ಕರೆಂಟ್ 1.354 ಮಿಲಿಆಂಪ್, ಎಮಿಟರ್‌ನ ಒಳ ರೆಸಿಸ್ಟೆನ್ಸ್ 19.2 ಓಮ್. ಕಲೆಕ್ಟರ್ ಮತ್ತು ಲೋಡ್ ರೆಸಿಸ್ಟರ್‌ಗಳನ್ನೂ ಅಳೆದಾಗ 3.24 ಮತ್ತು 9.9 ಬಂತು, ಪ್ಯಾರಲಲ್‌ನಲ್ಲಿ 2.44 ಕಿಲೋಓಮ್. ಗೇನ್ ಈಗ 127. ನೋಡಿ, ಎಲ್ಲರೂ ದೂರೋ ಟಾಲರೆನ್ಸ್‌ನ ಪಾಲು ಇಷ್ಟೇ, 133 ಇಂದ 127. ಅದನ್ನ ಊಹೆ ಮಾಡದೇ ಅಳೆದು ತೋರಿಸಿದ್ರೆ ಆ ವಿಷಯ ಅಲ್ಲಿಗೆ ಮುಗೀತು.

ಇನ್ನೂ 127ಕ್ಕೂ 88ಕ್ಕೂ ಮಧ್ಯೆ ದೊಡ್ಡ ಗುಂಡಿ ಇದೆ. ಕಳ್ಳ ಸಿಕ್ಕಿದ್ದು ಬೈಪಾಸ್ ಕೆಪಾಸಿಟರ್‌ನಲ್ಲಿ.

ನಾವು ಕಲಿತ ರೂಲ್ ಏನು, ಬೈಪಾಸ್ ಕೆಪಾಸಿಟರ್‌ನ ರಿಯಾಕ್ಟೆನ್ಸ್ ಎಮಿಟರ್ ರೆಸಿಸ್ಟರ್‌ನ ಹತ್ತನೇ ಒಂದು ಭಾಗ ಇದ್ರೆ ಸಾಕು ಅಂತ. 1 ಕಿಲೋಓಮ್‌ನ ಹತ್ತನೇ ಒಂದು 100 ಓಮ್, 10 ಮೈಕ್ರೋಫ್ಯಾರಡ್‌ಗೆ 1 ಕಿಲೋಹರ್ಟ್ಸ್‌ನಲ್ಲಿ 16 ಓಮ್, ಹಾಗಾದ್ರೆ ಸೂಪರ್ ಆಗಿದೆ ಅನ್ಸುತ್ತೆ. ಆದ್ರೆ ಹೋಲಿಸ್ತಾ ಇರೋದೇ ತಪ್ಪು ರೆಸಿಸ್ಟೆನ್ಸ್ ಜೊತೆ. ಎಮಿಟರ್ ಕಡೆಯಿಂದ ಟ್ರಾನ್ಸಿಸ್ಟರ್ ಒಳಗೆ ನೋಡಿದ್ರೆ ಕಾಣೋದು 1 ಕಿಲೋಓಮ್ ಅಲ್ಲ, ಆ ಪುಟ್ಟ 19.2 ಓಮ್. ಸಿಗ್ನಲ್ ಕರೆಂಟ್ ಆ 19 ಓಮ್ ದಾಟಿ ಬಂದು ಆಮೇಲೆ ಕೆಪಾಸಿಟರ್ ಮೂಲಕ ಗ್ರೌಂಡ್‌ಗೆ ಹೋಗುತ್ತೆ, ಅಂದ್ರೆ ಎರಡೂ ಸೀರೀಸ್. 19 ಓಮ್ ಹಿಂದೆ ಇನ್ನೊಂದು 16 ಓಮ್ ಕೂತಿದ್ರೆ ಎಮಿಟರ್ ಗ್ರೌಂಡ್ ಆಗಿಲ್ಲ, ಅರೆಬರೆ ಗ್ರೌಂಡ್ ಆಗಿದೆ ಅಷ್ಟೇ. ಉಳಿದ ವೋಲ್ಟೇಜ್ ಎಮಿಟರ್‌ನಲ್ಲಿ ನಿಂತು ಇನ್‌ಪುಟ್‌ಗೆ ಎದುರಾಗಿ ಕೆಲಸ ಮಾಡುತ್ತೆ, ನೆಗೆಟಿವ್ ಫೀಡ್‌ಬ್ಯಾಕ್ ಅಂತೀವಲ್ಲ ಅದೇ.

ನಮ್ಮ ಕೆಪಾಸಿಟರ್ ಅಳೆದಾಗ 10 ಅಲ್ಲ, 9.1 ಮೈಕ್ರೋಫ್ಯಾರಡ್ ಇತ್ತು, ಎಲೆಕ್ಟ್ರೋಲೈಟಿಕ್‌ನಲ್ಲಿ 20 ಪರ್ಸೆಂಟ್ ಆಚೀಚೆ ಇರೋದು ಮಾಮೂಲು. ಅದರ ರಿಯಾಕ್ಟೆನ್ಸ್ 17.5 ಓಮ್.

```
|Z| = sqrt(19.2^2 + 17.5^2) = 26.0 ohm
Av  = 2440 / 26.0 = 94
```

ಇಲ್ಲಿ ಒಂದು ಗುಂಡಿಗೆ ನಮ್ಮ ಗ್ರೂಪಲ್ಲೇ ಒಬ್ಬ ಬಿದ್ದ. 19.2 ಮತ್ತು 17.5 ನೇರವಾಗಿ ಕೂಡಿ 36.7 ಮಾಡಿ ಗೇನ್ 66 ಅಂದ, ಆಮೇಲೆ ನಮ್ಮ 88 ಪ್ರಿಡಿಕ್ಷನ್‌ಗಿಂತ ಜಾಸ್ತಿ ಇದೆಯಲ್ಲ ಅಂತ ತಲೆ ಕೆರ್ಕೊಂಡ. ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್ ಮಧ್ಯೆ 90 ಡಿಗ್ರಿ ಇರುತ್ತೆ, ಲಂಬಕೋನ ತ್ರಿಭುಜದ ಹಾಗೆ ವರ್ಗ ಮಾಡಿ ಕೂಡಬೇಕು. 1 ಕಿಲೋಓಮ್ ಎಮಿಟರ್ ರೆಸಿಸ್ಟರ್ ಪ್ಯಾರಲಲ್‌ನಲ್ಲಿ ಇದೆ ಆದ್ರೆ 17.5ರ ಪಕ್ಕದಲ್ಲಿ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಮಜಾ ನೋಡಿ, ಇನ್‌ಪುಟ್ ಕಪ್ಲಿಂಗ್‌ಗೂ ಇದೇ 10 ಮೈಕ್ರೋಫ್ಯಾರಡ್ ಹಾಕಿದ್ವಿ. ಅಲ್ಲಿ ಅದು ಏನೂ ತೊಂದರೆ ಕೊಡಲ್ಲ, ಯಾಕಂದ್ರೆ ಬೇಸ್ ಕಡೆ ಇನ್‌ಪುಟ್ ಇಂಪೀಡೆನ್ಸ್ ಸುಮಾರು ಎರಡೂವರೆ ಕಿಲೋಓಮ್, ಅದರ ಮುಂದೆ 16 ಓಮ್ ಏನಲ್ಲ. ಅದೇ ಡಬ್ಬಿಯಿಂದ ತೆಗೆದ ಅದೇ ಬೆಲೆಯ ಕೆಪಾಸಿಟರ್ ಒಂದು ಜಾಗದಲ್ಲಿ ಧಾರಾಳ, ಇನ್ನೊಂದು ಜಾಗದಲ್ಲಿ ಸಾಲದು. ಎಮಿಟರ್‌ನಲ್ಲಿ ಯಾವಾಗಲೂ ದೊಡ್ಡದು ಯಾಕೆ ಹಾಕ್ತಾರೆ ಅಂತ ನಂಗೆ ಅರ್ಥ ಆಗಿದ್ದು ಅವತ್ತೇ.

94 ಇಂದ 88ಕ್ಕೆ ಉಳಿದದ್ದು ಸಣ್ಣ ಸಾಲ. ಟ್ರಾನ್ಸಿಸ್ಟರ್‌ಗೆ ತನ್ನದೇ ಔಟ್‌ಪುಟ್ ರೆಸಿಸ್ಟೆನ್ಸ್ ಇದೆ, ಹತ್ತಾರು ಕಿಲೋಓಮ್, 50 ಅಂತ ತಗೊಂಡ್ರೆ 2.44 ಹೋಗಿ 2.33 ಆಗುತ್ತೆ, ಗೇನ್ 90. ಕೆಪಾಸಿಟರ್ ಒಳಗೆ 1 ಓಮ್ ಸೀರೀಸ್ ರೆಸಿಸ್ಟೆನ್ಸ್ ಇದ್ರೆ 87. ಇವೆರಡೂ ನಾವು ಅಳೆದಿದ್ದಲ್ಲ, ಅಂದಾಜು, ರಿಪೋರ್ಟ್‌ನಲ್ಲೂ ಅಂದಾಜು ಅಂತಾನೇ ಬರೆದ್ವಿ. 20 ಮಿಲಿವೋಲ್ಟ್‌ನ ಸ್ಕೋಪ್‌ನಲ್ಲಿ ಓದೋವಾಗಲೇ ಎರಡು ಮೂರು ಪರ್ಸೆಂಟ್ ಅಲ್ಲಾಡುತ್ತೆ, ಅದಕ್ಕಿಂತ ಕೆಳಗೆ ಕಾರಣ ಹುಡುಕೋದು ವ್ಯರ್ಥ.

ಆದ್ರೆ ಲೆಕ್ಕ ಹೊಂದಿತು ಅಂದ ಮಾತ್ರಕ್ಕೆ ಕಾರಣ ಅದೇ ಅಂತ ಆಗಲ್ಲ, ಸಂಖ್ಯೆಗಳನ್ನ ಹೇಗೆ ಬೇಕಾದ್ರೂ ಹೊಂದಿಸ್ಬಹುದು. ಪರೀಕ್ಷೆ ಬೇಕು. ನಾವು ಬೇರೆ ಏನೂ ಮುಟ್ಟದೇ ಎಮಿಟರ್ ಕೆಪಾಸಿಟರ್ ಪಕ್ಕ ಇನ್ನೊಂದು 100 ಮೈಕ್ರೋಫ್ಯಾರಡ್ ಚುಚ್ಚಿದ್ವಿ, ಪೊಲಾರಿಟಿ ನೋಡ್ಕೊಂಡು, ಪ್ಲಸ್ ಎಮಿಟರ್ ಕಡೆ. ಔಟ್‌ಪುಟ್ ಅಲ್ಲೇ ಎದ್ದು ನಿಂತಿತು, ಗೇನ್ 119. ಆ 50 ಕಿಲೋಓಮ್ ಔಟ್‌ಪುಟ್ ರೆಸಿಸ್ಟೆನ್ಸ್ ಸೇರಿಸಿ, ಕೆಪಾಸಿಟರ್ ಪೂರ್ತಿ ಶಾರ್ಟ್ ಅಂತ ಅಂದ್ಕೊಂಡ್ರೆ ಲೆಕ್ಕದಲ್ಲಿ ಬರೋದು 121. ಆಮೇಲೆ ಅದನ್ನ ತೆಗೆದು ಹಳೇ ಕೆಪಾಸಿಟರ್ ಒಂದೇ ಇಟ್ಟು ಫ್ರೀಕ್ವೆನ್ಸಿ 10 ಕಿಲೋಹರ್ಟ್ಸ್ ಮಾಡಿದ್ವಿ, 118. ಬ್ರೆಡ್‌ಬೋರ್ಡ್ ಕೆಪಾಸಿಟೆನ್ಸ್ ಕಳ್ಳ ಆಗಿದ್ರೆ ಫ್ರೀಕ್ವೆನ್ಸಿ ಏರಿಸಿದಾಗ ಗೇನ್ ಇನ್ನೂ ಇಳೀಬೇಕಿತ್ತು, ಇಲ್ಲಿ ಏರಿತು.

ಇದಕ್ಕಿಂತ ನಂಗೆ ಇಷ್ಟ ಆದ ಸಾಕ್ಷಿ ಫೇಸ್‌ದು. ಸಿಇ ಆಂಪ್ಲಿಫೈಯರ್ ಅಂದ್ರೆ 180 ಡಿಗ್ರಿ ಅಂತ ಕಣ್ಣು ಮುಚ್ಕೊಂಡು ಬರೀತೀವಿ, ಆದ್ರೆ ಎಮಿಟರ್‌ನಲ್ಲಿ ಕೆಪಾಸಿಟರ್ ಪೂರ್ತಿ ಶಾರ್ಟ್ ಆಗಿಲ್ಲದಿದ್ರೆ ಔಟ್‌ಪುಟ್ ಸರಿಯಾಗಿ ತಲೆಕೆಳಗಾಗಿ ಕೂರಲ್ಲ, ಮುಂದಕ್ಕೆ ಜಾರಿರುತ್ತೆ. 17.5 ಭಾಗಿಸು 19.2ರ ಟ್ಯಾನ್ ಇನ್ವರ್ಸ್ 42 ಡಿಗ್ರಿ, 1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 117 ಮೈಕ್ರೋಸೆಕೆಂಡ್. ಎರಡು ಚಾನೆಲ್ ಒಂದರ ಮೇಲೊಂದು ಇಟ್ಟು ನೋಡಿದ್ರೆ ಇನ್‌ಪುಟ್‌ನ ತಗ್ಗಿಗಿಂತ ಮುಂಚೇನೇ ಔಟ್‌ಪುಟ್‌ನ ತುದಿ ಬರೋದು ಕಣ್ಣಿಗೇ ಕಾಣುತ್ತೆ, ಕರ್ಸರ್ ಇಟ್ಟಾಗ ನಮಗೆ 110 ಬಂತು. ಲೋಡ್ ಆಗ್ಲಿ ರೆಸಿಸ್ಟರ್ ಟಾಲರೆನ್ಸ್ ಆಗ್ಲಿ ಈ ಫ್ರೀಕ್ವೆನ್ಸಿಯಲ್ಲಿ ಫೇಸ್ ಜಾರಿಸೋಕಾಗಲ್ಲ. 100 ಮೈಕ್ರೋಫ್ಯಾರಡ್ ಸೇರಿಸಿದ ಕೂಡ್ಲೇ ಅದು 180ರ ಹತ್ತಿರ ವಾಪಸ್ ಬಂತು.

ಇನ್‌ಪುಟ್ ಬೇಸ್‌ನಲ್ಲೇ ಅಳೀರಿ, ಜನರೇಟರ್ ಡಿಸ್ಪ್ಲೇ ನಂಬಬೇಡಿ. ಅದು 50 ಓಮ್ ಲೋಡ್ ಅಂದ್ಕೊಂಡು ತೋರಿಸ್ತಾ ಇದ್ದು `High Z` ಸೆಟ್ ಮಾಡಿಲ್ಲ ಅಂದ್ರೆ ಸರ್ಕ್ಯೂಟ್‌ಗೆ ನಿಜವಾಗಿ ಹೋಗೋದು ಸುಮಾರು ಎರಡು ಪಟ್ಟು, ಆಗ ಗೇನ್ ಕಡಿಮೆ ಅಲ್ಲ, ಜಾಸ್ತಿ ಕಾಣುತ್ತೆ, ಅಷ್ಟರಲ್ಲಿ ಕೆಪಾಸಿಟರ್‌ನ ತಪ್ಪು ಮುಚ್ಚಿಹೋಗಿ ಎಲ್ಲ ಸರಿ ಇದೆ ಅನ್ಸುತ್ತೆ. ಹಾಗೇ ಇನ್‌ಪುಟ್ 100 ಮಿಲಿವೋಲ್ಟ್‌ಗೆ ಏರಿಸಿದ್ರೆ ಔಟ್‌ಪುಟ್‌ನ ಮೇಲ್ತುದಿ ಚಪ್ಪಟೆ ಆಗುತ್ತೆ, ಆ ರೀಡಿಂಗ್‌ಗೆ ಗೇನ್ ಅಂತ ಹೆಸರಿಡೋದೇ ತಪ್ಪು.

ಕೊನೆಗೆ ನಾವು ರಿಪೋರ್ಟ್‌ನಲ್ಲಿ ಬರೆದ ಪ್ಯಾರಾ ಹೆಚ್ಚೂಕಮ್ಮಿ ಹೀಗಿತ್ತು: "ಮೊದಲ ಪ್ರಿಡಿಕ್ಷನ್ 177ರಲ್ಲಿ ಲೋಡ್ ಸೇರಿರಲಿಲ್ಲ, ಸೇರಿಸಿದರೆ 133. ಅಳೆದ ರೆಸಿಸ್ಟರ್ ಬೆಲೆಗಳು ಮತ್ತು ಎಮಿಟರ್ ಕರೆಂಟ್ ಬಳಸಿದರೆ 127. ಬೈಪಾಸ್ ಕೆಪಾಸಿಟರ್‌ನ 17.5 ಓಮ್ ರಿಯಾಕ್ಟೆನ್ಸ್ ಎಮಿಟರ್‌ನ 19.2 ಓಮ್‌ಗೆ ಸಮೀಪವಿರುವುದರಿಂದ ಗೇನ್ 94ಕ್ಕೆ ಇಳಿಯುತ್ತದೆ. 100 ಮೈಕ್ರೋಫ್ಯಾರಡ್ ಸೇರಿಸಿದಾಗ ಗೇನ್ 119ಕ್ಕೆ ಏರಿದ್ದು ಮತ್ತು ಫೇಸ್ 180 ಡಿಗ್ರಿ ಸಮೀಪಕ್ಕೆ ಮರಳಿದ್ದು ಇದನ್ನು ದೃಢಪಡಿಸುತ್ತದೆ. ಉಳಿದ ವ್ಯತ್ಯಾಸವು, ಅಂದಾಜಿನ ಪ್ರಕಾರ, ಟ್ರಾನ್ಸಿಸ್ಟರ್‌ನ ಔಟ್‌ಪುಟ್ ರೆಸಿಸ್ಟೆನ್ಸ್ ಮತ್ತು ಸ್ಕೋಪ್ ರೀಡಿಂಗ್‌ನ ಅನಿಶ್ಚಿತತೆಯ ಮಿತಿಯೊಳಗಿದೆ." ಈ ಸಲ ಕೆಂಪು ಪೆನ್ ಬಿದ್ದಿದ್ದು ಗ್ರಾಫ್ ಮೇಲೆ, ಆಕ್ಸಿಸ್‌ಗೆ ಯೂನಿಟ್ ಹಾಕಿರಲಿಲ್ಲ.