ಮೈನಿಂಗ್ ಕಾರ್ಡಾ ಅಂತ ಕೇಳುವ ಮುಂಚೆ, ಎಲ್ಲಿ ಇಟ್ಟಿದ್ದರು ಅಂತ ಕೇಳಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಒಬ್ಬರು ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್ ಮಾರುತ್ತಿದ್ದಾರೆ. ಕ್ರಿಪ್ಟೊ ಮೈನಿಂಗ್‌ಗೆ ಓಡಿಸಿದ್ದು ಅಂತ ಅವರೇ ಹೇಳಿದರು. ಕಾರವಾರದಲ್ಲಿ ಇನ್ನೊಬ್ಬರ ಮನೆಯಲ್ಲಿ ಬರೀ ಗೇಮ್‌ಗೆ ಬಳಸಿದ ಅದೇ ಕಾರ್ಡ್ ಇದೆ, ರೇಟು ಸ್ವಲ್ಪ ಜಾಸ್ತಿ. ಮನೆಯದ್ದೇ ತಗೊಳ್ಳೋದು ಸೇಫ್ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕವಿಲ್ಲ. ಆದ್ದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

‘ಮೈನಿಂಗ್ ಮಾಡಿದರೆ ಚಿಪ್ ಸವೆದು ಹೋಗುತ್ತದೆ’ ಅನ್ನುವ ಮಾತು ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿದೆ. ಚಿಪ್ ಬೈಕಿನ ಪಿಸ್ಟನ್ ಅಲ್ಲ, ಅದರೊಳಗೆ ತಿರುಗುವುದು, ಉಜ್ಜುವುದು ಏನೂ ಇಲ್ಲ. ಅದನ್ನು ಹಾಳು ಮಾಡುವುದು ಜಾಸ್ತಿ ವೋಲ್ಟೇಜು, ಜಾಸ್ತಿ ಬಿಸಿ, ಮತ್ತು ಪದೇ ಪದೇ ಬಿಸಿಯಾಗಿ ತಣಿಯುವುದು. ಮೈನಿಂಗ್ ಮಾಡುವವನಿಗೆ ಕರೆಂಟ್ ಬಿಲ್ಲೇ ದೊಡ್ಡ ಖರ್ಚು. ಅದಕ್ಕೇ 200 ವಾಟ್‌ನ 3060 ಟಿಐ ಕಾರ್ಡನ್ನು ಅವನು 120-130 ವಾಟ್‌ಗೆ ಇಳಿಸಿ ಓಡಿಸುತ್ತಿದ್ದ. ಈಥೀರಿಯಂ ಅನ್ನುವ ಕ್ರಿಪ್ಟೊ ನಾಣ್ಯದ ಮೈನಿಂಗ್‌ಗೆ ಬೇಕಿದ್ದದ್ದು ಮೆಮೊರಿಯ ವೇಗ, ಚಿಪ್ಪಿನ ಪೂರ್ತಿ ಶಕ್ತಿ ಅಲ್ಲ. ಹಗಲು ರಾತ್ರಿ ಒಂದೇ ಹದದ ಬಿಸಿ.

ಗೇಮ್ ಆಡುವ ಮನೆಯಲ್ಲಿ ಏನಾಗುತ್ತದೆ ನೋಡಿ. ಸಂಜೆ ಕೂತರೆ 30 ಡಿಗ್ರಿಯಿಂದ 75ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ, ಊಟ ಮಾಡಿ ಬಂದು ಕೂತರೆ ಮತ್ತೆ ಏರುತ್ತದೆ. ಚಿಪ್ ಮತ್ತು ಬೋರ್ಡ್ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಪ್ರತಿ ಸಲ ಏರಿ ಇಳಿದಾಗಲೂ ನಡುವಿನ ಬೆಸುಗೆಯ ಮೇಲೆ ಎಳೆತ ಬೀಳುತ್ತದೆ. ಕೊನೆಗೆ ಬಿರುಕು ಬಿಡುವುದು ಆ ಬೆಸುಗೆಯೇ.

ಇನ್ನೊಂದು ವಿಷಯ. ಈಥೀರಿಯಂ 15 ಸೆಪ್ಟೆಂಬರ್ 2022ರಂದು ಮೈನಿಂಗೇ ಬೇಡದ ಬೇರೆ ಪದ್ಧತಿಗೆ ಬದಲಾಯಿತು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೈನಿಂಗ್ ಮಾಡಿ ಕಾಸು ನೋಡುವ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆರ್‌ಟಿಎಕ್ಸ್ 4060 ಬಂದದ್ದು 2023ರಲ್ಲಿ. ಆದರೂ ‘ಅಣ್ಣ, ಈ 4060 ಮೈನಿಂಗ್‌ನದ್ದಾ?’ ಅಂತ ಕೇಳುತ್ತಾರೆ. ಆ ಭಯ ಬಿಟ್ಟುಬಿಡಿ.

ಹಾಗಂತ ಮೈನಿಂಗ್ ಕಾರ್ಡಿಗೆ ಏನೂ ಆಗಿರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಫ್ಯಾನ್ ಬೇರಿಂಗ್ ನಿಜವಾಗಿಯೂ ಸವೆಯುತ್ತದೆ, ಯಾಕೆಂದರೆ ಅದು ತಿರುಗುವ ವಸ್ತು. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ ಒಣಗಿ ಎಣ್ಣೆ ಬಿಡುತ್ತದೆ. ಬೋರ್ಡಿನ ಅಂಚಲ್ಲಿ ಜಿಡ್ಡು ಕಂಡರೆ ಅದೇ. ನಿಜಕ್ಕೂ ಹುಷಾರಾಗಿರಬೇಕಾದದ್ದು 3080, 3090 ಥರದ ಕಾರ್ಡ್‌ಗಳಲ್ಲಿ. ಅವುಗಳ ಜಿಡಿಡಿಆರ್6ಎಕ್ಸ್ ಮೆಮೊರಿ ಮೈನಿಂಗ್‌ನಲ್ಲಿ 100 ಡಿಗ್ರಿ ದಾಟುತ್ತಿತ್ತು. 3060 ಟಿಐ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಜಿಡಿಡಿಆರ್6. ಅಷ್ಟು ಸುಡುವುದಿಲ್ಲ.

ಮಾರುವವರು ಬಾಯಿ ಬಿಡದಿದ್ದರೆ? ಹಾರ್ಡ್ ಡಿಸ್ಕ್ ಥರ ಓಡಿದ ಗಂಟೆ ತೋರಿಸುವ ಲೆಕ್ಕ ಕಾರ್ಡ್‌ನಲ್ಲಿ ಇಲ್ಲ. ಆದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್‌ಗಳನ್ನು ನೋಡಿ. ಕಾರ್ಡ್ ಹಳತು, ಫ್ಯಾನ್ ಗರ್ ಅನ್ನುತ್ತದೆ, ಪೋರ್ಟ್ ಮಾತ್ರ ಒಂದು ಗೀರಿಲ್ಲದೆ ಹೊಸದರಂತಿದೆ ಅಂದರೆ ಅದಕ್ಕೆ ಯಾರೂ ಮಾನಿಟರ್ ಹಚ್ಚಿಲ್ಲ. ಅದು ಮೈನಿಂಗ್‌ನಲ್ಲೇ ಇದ್ದದ್ದು ಅಂತ ನಾನು ಹೆಚ್ಚುಕಡಿಮೆ ಅದರಿಂದಲೇ ಹೇಳುತ್ತೇನೆ.

ಹೋದ ದೀಪಾವಳಿ ಹೊತ್ತಿಗೆ ಶಿರಸಿಯ ಒಬ್ಬ ಹುಡುಗ ಇದೇ ಗೊಂದಲದಲ್ಲಿದ್ದ. ಇಬ್ಬರು ಮಾರುವವರನ್ನೂ ಒಪ್ಪಿಸಿ, ಎರಡೂ 3060 ಟಿಐ ಕಾರ್ಡುಗಳನ್ನು ನನ್ನ ಟೇಬಲ್ ಮೇಲೆ ತಂದಿಟ್ಟ. ಒಂದು ಮೈನಿಂಗ್‌ನದ್ದು. ಇನ್ನೊಂದು ಸಮುದ್ರಕ್ಕೆ ತೀರಾ ಹತ್ತಿರದ ಮನೆಯದ್ದು, ಕಿಟಕಿ ಪಕ್ಕದ ಪಿಸಿಯಲ್ಲಿ ನಾಲ್ಕು ಮಳೆಗಾಲ ಕಳೆದದ್ದು.

ಮೊದಲು ಕಾರ್ಡಿನ ವಿವರ ತೋರಿಸುವ GPU-Z ಹಾಕಿದೆ. ಅದರಲ್ಲಿ Bus Interface ಅನ್ನುವ ಸಾಲಿದೆ. ಪಕ್ಕದ ಪ್ರಶ್ನೆಚಿಹ್ನೆ ಒತ್ತಿದರೆ ಕಾರ್ಡಿಗೆ ಸಣ್ಣ ಕೆಲಸ ಕೊಡುತ್ತದೆ. ಆಗ @ ಗುರುತಿನ ನಂತರ x16 ಬರಬೇಕು, ಅಂದರೆ ಸ್ಲಾಟಿನ ಹದಿನಾರೂ ದಾರಿ ಕೆಲಸ ಮಾಡುತ್ತಿವೆ ಅಂತ. ಮೈನಿಂಗ್ ಕಾರ್ಡ್ x16 ತೋರಿಸಿತು. ಮನೆಯ ಕಾರ್ಡ್ ಅದೇ ಸ್ಲಾಟ್‌ನಲ್ಲಿ x8ಕ್ಕೆ ನಿಂತಿತು. ತೆಗೆದು ನೋಡಿದರೆ ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಕಪ್ಪು ಚುಕ್ಕೆ. ಐಸೊಪ್ರೊಪೈಲ್‌ನಲ್ಲಿ ಒರೆಸಿದರೂ x8 ಆಗಿಯೇ ಉಳಿಯಿತು. (ಎಲ್ಲ ಕಾರ್ಡಿಗೂ x16 ಲೆಕ್ಕ ಹಾಕಬೇಡಿ. ಆರ್‌ಎಕ್ಸ್ 6600 ಥರದವು ಹುಟ್ಟಿನಿಂದಲೇ x8.)

ಆಮೇಲೆ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಬಿಸಿ ಮಾಡುವ FurMark 15 ನಿಮಿಷ. ನೋಡಬೇಕಾದದ್ದು GPU Temperature ಮತ್ತು ಚಿಪ್ಪಿನ ಅತಿ ಬಿಸಿ ಜಾಗವಾದ Hot Spot ನಡುವಿನ ಅಂತರ. 10ರಿಂದ 15 ಡಿಗ್ರಿ ಇದ್ದರೆ ಸರಿ. 25 ದಾಟಿದರೆ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಮೈನಿಂಗ್ ಕಾರ್ಡ್‌ನಲ್ಲಿ 70 ಮತ್ತು 84 ಬಂತು. ಮನೆಯದ್ದರಲ್ಲಿ 79 ಮತ್ತು 108.

ಕೊನೆಗೆ ಕಾರ್ಡಿನ ಮೆಮೊರಿ ಪರೀಕ್ಷಿಸುವ memtest_vulkan. ಇದನ್ನು ಮಾತ್ರ ಬಿಡಬೇಡಿ. ಬಿಸಿಯ ಪರೀಕ್ಷೆಯಲ್ಲಿ ಪಾಸಾದ ಕಾರ್ಡ್ ಇದರಲ್ಲಿ ಸಿಕ್ಕಿಬೀಳುವುದುಂಟು. 20 ನಿಮಿಷ ಓಡಿಸಿ, ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡಿ. ಮುಗಿದ ಮೇಲೆ ಪಿಸಿ ಆಫ್ ಮಾಡಿ, ಅರ್ಧ ಗಂಟೆ ಪೂರ್ತಿ ತಣಿಯಲು ಬಿಟ್ಟು, ಮತ್ತೆ ಆನ್ ಮಾಡಿ ಇನ್ನೊಮ್ಮೆ ಓಡಿಸಿ. ಬಿರುಕು ಬಿಟ್ಟ ಬೆಸುಗೆಯನ್ನು ಹೀಟ್ ಗನ್ನಲ್ಲಿ ಕಾಯಿಸಿ ಮಾರುವವರಿದ್ದಾರೆ. ಅಂಥ ಕಾರ್ಡ್ ಬಿಸಿ ಇರುವಾಗ ಚೆನ್ನಾಗಿರುತ್ತದೆ, ತಣಿದಾಗ ಕೈಕೊಡುತ್ತದೆ. ಇಲ್ಲಿ ಎರಡೂ ಕಾರ್ಡ್ ಪಾಸಾದವು.

ಮನೆಯ ಕಾರ್ಡ್ ಬಿಚ್ಚಲು ಅವರು ಒಪ್ಪಿದರು. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ, ತಾಮ್ರದ ಕೊಳವೆಯ ತುದಿಯಲ್ಲಿ ಹಸಿರು, ಸ್ಕ್ರೂ ತುಕ್ಕು. ಇದು ಉಪ್ಪಿನ ಕೆಲಸ. ಗಾಳಿಯ ತೇವಾಂಶ 75 ಪ್ರತಿಶತ ದಾಟಿದರೆ ಉಪ್ಪು ತಾನೇ ನೀರು ಹೀರಿ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೋಡುತ್ತೀರಲ್ಲ, ಅದೇ. ಕಾರ್ಡ್ ಮೇಲೆ ಕೂತ ಧೂಳಿನಲ್ಲೂ ಅದೇ ಉಪ್ಪಿದೆ. ತಾಮ್ರ ಮತ್ತು ಅಲ್ಯೂಮಿನಿಯಂ ಒಟ್ಟಿಗಿದ್ದು ನಡುವೆ ಉಪ್ಪುನೀರು ಬಂದರೆ ಅಲ್ಯೂಮಿನಿಯಂ ಬೇಗ ಕರಗುತ್ತದೆ.

ಹುಡುಗ ಮೈನಿಂಗ್ ಕಾರ್ಡನ್ನೇ ತಗೊಂಡ. ಎರಡು ಫ್ಯಾನ್ ಬದಲಿಸಿ, ಪೇಸ್ಟ್ ಮತ್ತು ಪ್ಯಾಡ್ ಹೊಸದು ಹಾಕಿಕೊಟ್ಟೆ. ಮನೆಯ ಕಾರ್ಡಿನ ಪೇಸ್ಟ್ ಬದಲಿಸಬಹುದಿತ್ತು, ಆದರೆ ಬೋರ್ಡ್ ಒಳಗೆ ಇಳಿದ ತುಕ್ಕಿಗೆ ನನ್ನ ಹತ್ತಿರ ಮದ್ದಿಲ್ಲ.

ನಿಮ್ಮ ವಿಷಯದಲ್ಲಿ ಮನೆಯ ಕಾರ್ಡ್ ಚೆನ್ನಾಗಿಯೇ ಇರಬಹುದು. ಬ್ರಾಕೆಟ್‌ನ ಸ್ಕ್ರೂಗಳ ಮತ್ತು ಚಿನ್ನದ ಹಲ್ಲುಗಳ ಹತ್ತಿರದ ಫೋಟೋ ತರಿಸಿಕೊಳ್ಳಿ. ಹುಬ್ಬಳ್ಳಿಯವರಿಗೂ ಒಂದು ಪ್ರಶ್ನೆ ಕೇಳಿ: 2022ರಿಂದ ಈಚೆಗೆ ಕಾರ್ಡ್ ಎಲ್ಲಿತ್ತು? ಗೋದಾಮಿನ ಮೂಲೆಯಲ್ಲಿ ರಟ್ಟಿನ ಡಬ್ಬಿಯಲ್ಲಿ ಕೂತಿದ್ದರೆ ಅದಕ್ಕೂ ಇದೇ ಪರೀಕ್ಷೆ ಬೇಕು.

ಇದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ಡ್ ತಂದ ಮೇಲೆ ಮಳೆಗಾಲದಲ್ಲಿ ‘ಸುಮ್ನೆ ಯಾಕೆ’ ಅಂತ ಪಿಸಿಯನ್ನು ತಿಂಗಳುಗಟ್ಟಲೆ ಆಫ್ ಮಾಡಿ ಇಡಬೇಡಿ. ದಿನಕ್ಕೆ ಒಂದು ಗಂಟೆ ಓಡಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಊರಿಗೆ ಹೋಗುವುದಿದ್ದರೆ ಕಾರ್ಡ್ ಕಳಚಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪಿಸಿಯನ್ನು ಸಮುದ್ರದ ಕಡೆಯ ಕಿಟಕಿಯಿಂದ ಒಳಗೋಡೆಗೆ ಸರಿಸಿ. ಡಿಸೆಂಬರ್ ಹೊತ್ತಿಗೆ, ಗಾಳಿ ಒಣಗಿದ ಮೇಲೆ, ಬ್ರಷ್ ಹಿಡಿದು ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆದುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಅಲ್ಲೇ ಹಾಳಾಗುತ್ತದೆ.